ಲೀಗಿನ ಬೋನಸ್ಸು ಯಾರಿಗೆ?

ಮಾತನಾಡುವ ಇಬ್ಬರಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಇನ್ನೊಬ್ಬ ಅವರ ಕೈಕೆಳಗೆ ಓದಿ, ಈಗ ಊರಿನ ಪೇಟೆಬೀದಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ ಶಿಷ್ಯ. ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ 2012ರಲ್ಲಿ ಹೊರತಂದ ‘ಕ್ಲ್ಯಾಶ್ ಆಫ್ ಕ್ಲಾನ್ಸ್’ ಎಂಬ ಮೊಬೈಲ್ ಆಟದಲ್ಲಿ ಇವರದೊಂದು ಕ್ಲಾನ್ ಉಂಟು. ಮೇಷ್ಟ್ರು ಅದರ ಲೀಡರ್. ಮೊಮ್ಮಗನಿಗೆ ಜೊತೆಯಾಗಲೆಂದು ಆಟಕ್ಕಿಳಿದವರು, ಮೊಮ್ಮಗನು ಆಟ ಬಿಟ್ಟು ಮೂರು ವರ್ಷವಾದ ಮೇಲೂ ತಾವು ಬಿಡದೆ ಉಳಿದವರು. ಶಿಷ್ಯ ಕೋ-ಲೀಡರ್. ಒಂದು ಕ್ಲಾನಿಗೆ ಐವತ್ತಕ್ಕಿಂತ ಹೆಚ್ಚು ಮಂದಿ ಸೇರುವಂತಿಲ್ಲ. ಇವರಲ್ಲಿ ಸದ್ಯ ನಲವತ್ತೊಂದು ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಅಥವಾ ಆ ವಿದ್ಯಾರ್ಥಿಗಳ ತಮ್ಮಂದಿರು, ತಂಗಿಯರು. ಹೋದ ತಿಂಗಳ ಲೀಗ್ ಮುಗಿದ ಮೇಲೆ ಬೋನಸ್ಸಿನ ಹಂಚಿಕೆಯಲ್ಲಿ ಮನಸ್ತಾಪ ಹುಟ್ಟಿ ಇಬ್ಬರು ಕ್ಲಾನ್ ಬಿಟ್ಟರು. ಆದಕಾರಣ ಮೇಷ್ಟ್ರು ಸದಸ್ಯರಿಗೆಲ್ಲ ಹೊಸ ನಿಯಮಗಳ ಸಂದೇಶವೊಂದನ್ನು ಬರೆದಿಟ್ಟು, ಕಳುಹಿಸುವುದಕ್ಕೆ ಮುನ್ನ ಶಿಷ್ಯನಿಗೆ ತೋರಿಸುತ್ತಿದ್ದಾರೆ. ಅಂಗಡಿಯ ಬಾಗಿಲು ಅರ್ಧ ಎಳೆದಾಗಿದೆ, ರಾತ್ರಿ ಒಂಬತ್ತೂವರೆ.

ಮೇಷ್ಟ್ರು: ಓದುತ್ತೇನೆ, ಕೇಳು. ‘ಕ್ಲಾನಿನ ಸಮಸ್ತ ಸದಸ್ಯರ ಗಮನಕ್ಕೆ. ಪ್ರತಿಯೊಬ್ಬರೂ ದಿನಕ್ಕೊಮ್ಮೆಯಾದರೂ ಆಟಕ್ಕೆ ಬರತಕ್ಕದ್ದು. ತಿಂಗಳಿಗೆ ಒಂದು ಸಾವಿರಕ್ಕೆ ಕಡಮೆಯಿಲ್ಲದಂತೆ ಡೊನೇಶನ್ ಮಾಡತಕ್ಕದ್ದು. ಲೀಗಿನಲ್ಲಿ ಒಂದು ಅಟ್ಯಾಕ್ ತಪ್ಪಿಸಿದವರನ್ನು ಕ್ಲಾನಿನಿಂದ ತೆಗೆಯಲಾಗುವುದು. ಬೋನಸ್ ಪದಕಗಳು ಅತಿ ಹೆಚ್ಚು ಸ್ಟಾರ್ ಗಳಿಸಿದವರಿಗೆ ಮಾತ್ರ ಸಲ್ಲತಕ್ಕವು.’ ಹೇಗಿದೆ?

ಶಿಷ್ಯ: ಕನ್ನಡ ಚೆನ್ನಾಗಿದೆ, ಮೇಷ್ಟ್ರೇ. ಆದರೆ ಹೀಗೆ ಕಳುಹಿಸಿದರೆ ಇನ್ನೂ ನಾಲ್ವರು ಹೋಗುತ್ತಾರೆ. ಹೋಗತಕ್ಕವರಲ್ಲದವರೇ ಹೋಗುತ್ತಾರೆ ಎಂಬುದು ನನ್ನ ಭಯ.

ಮೇಷ್ಟ್ರು: ಮೊದಲನೆಯ ವಾಕ್ಯದಲ್ಲಿ ತಪ್ಪೇನು? ದಿನಕ್ಕೊಮ್ಮೆ ಬರಲಾರದವನು ಕ್ಲಾನಿನಲ್ಲಿ ಏಕಿರಬೇಕು?

ಶಿಷ್ಯ: ಬಂದನೋ ಇಲ್ಲವೋ ಎಂಬುದನ್ನು ತಾವು ಹೇಗೆ ತಿಳಿಯುತ್ತೀರಿ? ಕಣ್ಣಿಗೆ ಕಾಣುವುದು ಕೆಲವು ಅಂಕೆಗಳು ಮಾತ್ರ. ಡೊನೇಶನ್ ಅವುಗಳಲ್ಲಿ ಎಲ್ಲರ ಕಣ್ಣಿಗೂ ಎದ್ದು ಕಾಣುವಂಥದು. ಆದುದರಿಂದಲೇ ತಾವೂ ಎರಡನೆಯ ವಾಕ್ಯದಲ್ಲಿ ಅದನ್ನು ಹಿಡಿದುಕೊಂಡಿರಿ. ಆದರೆ ಆ ಅಂಕೆಗೆ ಹಿಂದೆ ಇದ್ದ ತೂಕ ಈಗ ಇಲ್ಲ. ಮೊದಲು ಒಂದು ಡ್ರ್ಯಾಗನ್ ಕೊಡಬೇಕಾದರೆ ಅದನ್ನು ತರಬೇತು ಮಾಡಲು ಎಲಿಕ್ಸರ್ ಸುರಿಯಬೇಕಾಗಿತ್ತು, ಮೇಲೆ ಕಾಯಬೇಕಾಗಿತ್ತು. 2022ರಲ್ಲಿ ಆ ವೆಚ್ಚವನ್ನು ತೆಗೆದರು, 2025ರಲ್ಲಿ ಕಾಯುವ ಹೊತ್ತನ್ನೂ ತೆಗೆದರು. ಈಗ ಕೊಡುವವನಿಗೆ ಹೋಗುವುದು ಎರಡು ಬೆರಳಿನ ಶ್ರಮ. ಅದೂ ಅಲ್ಲದೆ ಎಣಿಕೆ ನಡೆಯುವುದು ಸೈನಿಕರ ತಲೆಯ ಮೇಲಲ್ಲ, ಅವರು ಹಿಡಿಯುವ ಜಾಗದ ಮೇಲೆ. ಒಂದು ಡ್ರ್ಯಾಗನ್ ಕೊಟ್ಟರೆ ಇಪ್ಪತ್ತು ಎಂದು ಬೀಳುತ್ತದೆ. ತಮ್ಮ ಸಾವಿರವೆಂದರೆ ತಿಂಗಳಿಗೆ ಐವತ್ತು ಡ್ರ್ಯಾಗನ್. ಇಬ್ಬರು ಗೆಳೆಯರು ಒಬ್ಬರಿಂದೊಬ್ಬರು ಕೇಳುತ್ತ, ಒಬ್ಬರಿಗೊಬ್ಬರು ಕೊಡುತ್ತ ಕುಳಿತರೆ ಕೆಲವೇ ದಿನಗಳಲ್ಲಿ ಅದು ತುಂಬಿಹೋಗುತ್ತದೆ. ಲೀಗಿಗೆ ಅದರಿಂದ ಒಂದು ಸ್ಟಾರೂ ಬರುವುದಿಲ್ಲ.

ಮೇಷ್ಟ್ರು: ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದಾಗ ‘ಬಂದಿದ್ದೇನೆ’ ಎಂದು ಕಿಟಕಿಯಿಂದ ಹಾರಿಹೋಗುತ್ತಿದ್ದೆಯಲ್ಲ ನೀನು, ಹಾಗೆ ಎನ್ನು.

ಶಿಷ್ಯ: ಅದನ್ನು ಮರೆಯಬಾರದೆ, ಮೇಷ್ಟ್ರೇ? ಅಂತೂ ಡೊನೇಶನ್ನಿನ ವಾಕ್ಯವನ್ನು ಹೊಡೆದುಹಾಕಿ. ಕೇಳಿದವರಿಗೆ ಕೇಳಿದ್ದನ್ನೇ ಕೊಡಿ ಎಂದರೆ ಸಾಕು, ಅಂಕೆ ಬೇಡ.

ಮೇಷ್ಟ್ರು: ಹೊಡೆದೆ. ಆದರೆ ಮೂರನೆಯ ವಾಕ್ಯವನ್ನು ಮುಟ್ಟಬೇಡ. ಲೀಗಿನಲ್ಲಿ ದಿನಕ್ಕೊಂದು ಯುದ್ಧ, ಏಳು ದಿನ ಏಳು ಯುದ್ಧ. ಸಾಧಾರಣ ವಾರ್‌ನಲ್ಲಿ ಇರುವಂತೆ ತಲೆಗೆ ಎರಡು ಅಟ್ಯಾಕ್ ಇಲ್ಲ, ಒಂದೇ. ಹದಿನೈದು ಮಂದಿಯಲ್ಲಿ ಒಬ್ಬ ಬಾರದೆ ಹೋದರೆ ಮೂರು ಸ್ಟಾರ್ ಗಾಳಿಗೆ. ಹೋದ ತಿಂಗಳು ಐದನೆಯ ದಿನ ನಾವು ಸೋತದ್ದು ಒಂದು ಸ್ಟಾರಿನಲ್ಲಿ, ಅಂದು ಒಂದು ಅಟ್ಯಾಕ್ ಉಳಿದುಹೋಗಿತ್ತು. ಅದಕ್ಕಾಗಿ ಆ ಹೆಣ್ಣುಮಗಳನ್ನು ತೆಗೆದೆ. ತಪ್ಪೆ?

ಶಿಷ್ಯ: ಆಕೆ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ ಬಿದ್ದಿತ್ತು. ಬೆಳಿಗ್ಗೆ ಚಾಟಿನಲ್ಲಿ ಬರೆದಿದ್ದಳು: ‘ಇವತ್ತು ನನ್ನಿಂದ ಆಗಲ್ಲ ಸರ್, ಬೇರೆಯವರನ್ನು ಹಾಕಿ.’

ಮೇಷ್ಟ್ರು: ನಾನೂ ಓದಿದೆ. ಹಾಕಲು ಹೋದೆ, ಹಾಕಲಾಗಲಿಲ್ಲ. ಹೆಸರು ಬದಲಾಯಿಸುವ ಗುಂಡಿಯೇ ಸತ್ತಿತ್ತು. ಆಕೆ ಹೇಳಿದ್ದು ತಡವಾಯಿತು ಎಂದು ಕೋಪ ಬಂತು.

ಶಿಷ್ಯ: ತಡವಾಯಿತು ಎಂಬುದು ಆಕೆಗೆ ತಿಳಿಯಬೇಕಾದರೆ ಬಾಗಿಲು ಯಾವಾಗ ಮುಚ್ಚುತ್ತದೆ ಎಂಬುದನ್ನು ನಾವು ಹೇಳಿರಬೇಕಿತ್ತಲ್ಲವೆ? ಲೀಗಿನ ಸೂಕ್ಷ್ಮ ಇರುವುದೇ ಅಲ್ಲಿ. ಇಂದಿನ ಯುದ್ಧ ನಡೆಯುತ್ತಿರುವಾಗಲೇ ನಾಳಿನ ಯುದ್ಧದ ಸಿದ್ಧತೆಯ ದಿನವೂ ಅದರ ಬೆನ್ನಿಗೆ ನಡೆಯುತ್ತಿರುತ್ತದೆ. ಸಿದ್ಧತೆ ಆರಂಭವಾದ ಕ್ಷಣದಿಂದ ಆ ಯುದ್ಧದ ಹದಿನೈದು ಹೆಸರು ಮುಚ್ಚಿಹೋದಂತೆಯೇ. ಎಂದರೆ ಬುಧವಾರದ ಯುದ್ಧಕ್ಕೆ ಯಾರು ಎಂಬುದು, ಮಂಗಳವಾರದ ಯುದ್ಧ ಶುರುವಾಗುವುದಕ್ಕೆ ಮುಂಚೆಯೇ ತೀರ್ಮಾನವಾಗಿರಬೇಕು. ಬುಧವಾರ ಬೆಳಿಗ್ಗೆ ಹೇಳಿದವಳು ತನ್ನ ಲೆಕ್ಕದಲ್ಲಿ ಪ್ರಾಮಾಣಿಕಳಾಗಿಯೇ ಹೇಳಿದಳು. ಆಟದ ಲೆಕ್ಕದಲ್ಲಿ ಮಾತ್ರ ಒಂದು ದಿನ ಹಿಂದೆ ಬಿದ್ದಳು. ಇದನ್ನು ನಲವತ್ತೊಂದು ಮಂದಿಯಲ್ಲಿ ಬಲ್ಲವರು ಐದಾರು ಮಂದಿಯೂ ಇರಲಾರರು.

ಮೇಷ್ಟ್ರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಪರೀಕ್ಷೆಯ ವೇಳಾಪಟ್ಟಿಯನ್ನು ಹಾಕದೆ ಫೇಲು ಮಾಡಿದಂತಾಯಿತು.

ಶಿಷ್ಯ: ಆ ಮಾತನ್ನು ತಾವೇ ಹೇಳಿದಿರಿ. ಹಸಿರು ಕೆಂಪು ಗುರುತು ಇದೆಯಲ್ಲ, ಅದನ್ನೂ ನಾವು ಉಪಯೋಗಿಸುತ್ತಿಲ್ಲ. ಪ್ರತಿ ಸದಸ್ಯನೂ ತನ್ನ ಹೆಸರಿನ ಬಳಿ ವಾರ್‌ಗೆ ಸಿದ್ಧನಿದ್ದೇನೆಂದು ಹಸಿರನ್ನೋ, ಇಲ್ಲವೆಂದು ಕೆಂಪನ್ನೋ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಎಲ್ಲರದೂ ಹಸಿರು. ಕೆಂಪು ಇಟ್ಟರೆ ಮೇಷ್ಟ್ರು ಬೈಯುತ್ತಾರೆಂಬ ಭಯ. ಅದರಿಂದಾಗಿ ಆ ಹಸಿರು ತಮಗೆ ಏನನ್ನೂ ತಿಳಿಸುವುದಿಲ್ಲ. ಕೆಂಪಿಗೆ ಶಿಕ್ಷೆಯಿಲ್ಲ, ಕಾರಣ ಕೇಳುವುದಿಲ್ಲ ಎಂದು ಬರೆದರೆ ಮಾತ್ರ ಹಸಿರಿಗೆ ಅರ್ಥ ಬರುತ್ತದೆ. ಹಸಿರಿಟ್ಟು, ಹದಿನೈದರಲ್ಲಿ ಸೇರಿ, ಹೇಳದೆ ಅಟ್ಯಾಕ್ ಬಿಟ್ಟವನನ್ನು ಆಮೇಲೆ ತಾವು ನಿಷ್ಠುರವಾಗಿ ಕಾಣಬಹುದು.

ಮೇಷ್ಟ್ರು: ತೆಗೆದುಹಾಕುವುದಕ್ಕೂ ಅಡ್ಡಿಯಿಲ್ಲವೆ?

ಶಿಷ್ಯ: ಲೀಗಿನ ನಡುವೆ ತೆಗೆದರೆ ನಷ್ಟ ನಮಗೇ. ನೋಂದಣಿಯಾದ ಮೇಲೆ ಹೊರಗಿನಿಂದ ಬಂದವನನ್ನು ಆ ತಿಂಗಳ ಲೀಗಿಗೆ ಸೇರಿಸುವಂತಿಲ್ಲ. ಮೊದಲ ಸಲ ತಪ್ಪಿಸಿದವನನ್ನು ಉಳಿದ ದಿನಗಳಿಗೆ ಹೊರಗೆ ಕೂರಿಸಿದರೆ ಸಾಕು. ಮುಂದಿನ ತಿಂಗಳೂ ಹಾಗೇ ಮಾಡಿದರೆ ಆಗ ನೋಡೋಣ.

ಮೇಷ್ಟ್ರು: ಸರಿ. ಇನ್ನು ಬೋನಸ್ಸಿಗೆ ಬಾ. ಜಗಳ ಹುಟ್ಟಿದ್ದು ಅಲ್ಲಿ.

ಶಿಷ್ಯ: ಬೋನಸ್ಸಿಗೆ ಮುಂಚೆ ಇನ್ನೊಂದು ಪಾಲಿದೆ, ಅದನ್ನು ತಾವು ನೋಡಿಯೇ ಇಲ್ಲ. ಲೀಗ್ ಮುಗಿದಾಗ ಪದಕಗಳು ಬರುವುದು ಎರಡು ದಾರಿಯಲ್ಲಿ. ಕ್ಲಾನಿನ ಸ್ಥಾನಕ್ಕೆ ತಕ್ಕಂತೆ ಎಲ್ಲರಿಗೂ ತಾನಾಗಿ ಬರುವುದು ಒಂದು. ಲೀಡರ್ ಕೈಯಿಂದ ಹೋಗುವ ಬೋನಸ್ ಇನ್ನೊಂದು. ಮೊದಲನೆಯದು ಎಲ್ಲರಿಗೂ ಪೂರ್ತಿ ಬರುವುದಿಲ್ಲ. ಹೆಸರಿದ್ದು ಸ್ಟಾರ್ ಇಲ್ಲದವನಿಗೆ ನೂರಕ್ಕೆ ಇಪ್ಪತ್ತು ಪಾಲು. ಅಲ್ಲಿಂದ ಒಂದೊಂದು ಸ್ಟಾರಿಗೆ ನೂರಕ್ಕೆ ಹತ್ತರಂತೆ ಏರುತ್ತ ಹೋಗಿ, ಎಂಟು ಸ್ಟಾರಿಗೆ ಪೂರ್ತಿಯಾಗುತ್ತದೆ. ಒಂದು ಅಟ್ಯಾಕಿಗೆ ಹೆಚ್ಚೆಂದರೆ ಮೂರು ಸ್ಟಾರ್ ಆದ್ದರಿಂದ ಎಂಟು ತಲಪಲು ಕನಿಷ್ಠ ಮೂರು ದಿನ ಬೇಕು, ನಮ್ಮಂಥವರಿಗೆ ನಾಲ್ಕು.

ಮೇಷ್ಟ್ರು: ನೀನು ಗಣಿತದಲ್ಲಿ ಇಷ್ಟು ಚುರುಕಾದದ್ದು ಯಾವಾಗ?

ಶಿಷ್ಯ: ಜಿ.ಎಸ್.ಟಿ. ಬಂದ ಮೇಲೆ. ಹೋದ ತಿಂಗಳ ಪುಸ್ತಕ ಇಲ್ಲಿದೆ, ನೋಡಿ. ಲೀಗಿಗೆ ಹೆಸರು ಕೊಟ್ಟವರು ಇಪ್ಪತ್ತನಾಲ್ಕು ಮಂದಿ. ದಿನಕ್ಕೆ ಹದಿನೈದು ಸ್ಥಾನ, ಏಳು ದಿನಕ್ಕೆ ನೂರೈದು. ತಾವು ಹತ್ತು ಮಂದಿಯನ್ನು ಏಳು ದಿನವೂ ಆಡಿಸಿದಿರಿ. ಅಲ್ಲಿಗೆ ಎಪ್ಪತ್ತು ಸ್ಥಾನ ಹೋಯಿತು. ಉಳಿದ ಮೂವತ್ತೈದು, ಉಳಿದ ಹದಿನಾಲ್ಕು ಮಂದಿಗೆ. ಅವರಲ್ಲಿ ಐವರಿಗೆ ಸಿಕ್ಕಿದ್ದು ಒಂದೊಂದೇ ದಿನ. ಆ ಐವರಲ್ಲಿ ಒಬ್ಬ ಅಂದು ಮೂರಕ್ಕೆ ಮೂರು ಸ್ಟಾರ್ ತಂದ. ಆದರೂ ಅವನಿಗೆ ಬಂದ ಪಾಲು ಅರ್ಧ. ತಪ್ಪು ಆಡಿದ್ದರಿಂದಲ್ಲ, ಆಡಲು ಬಿಡದಿದ್ದುದರಿಂದ ಅರ್ಧ ಹೋಯಿತು. ಲೀಗಿನ ಅಂಗಡಿಯಲ್ಲಿ ಕಟ್ಟಡದ ಸುತ್ತಿಗೆಯೊಂದಕ್ಕೆ 120 ಪದಕ; ದಿನಗಟ್ಟಲೆ ಕಾಯಬೇಕಾದ ಕಟ್ಟಡವನ್ನು ಅದು ಒಂದು ಏಟಿಗೆ ಮುಗಿಸುತ್ತದೆ. ಹುಡುಗರು ತಿಂಗಳೆಲ್ಲ ಕಣ್ಣಿಡುವುದು ಅದರ ಮೇಲೆ.

ಮೇಷ್ಟ್ರು: ಬಿಟ್ಟುಹೋದ ಇಬ್ಬರು ಆ ಐವರಲ್ಲಿಯವರೇ ಏನು?

ಶಿಷ್ಯ: ಒಬ್ಬ. ಅವನು ಬೋನಸ್ಸಿನ ಮಾತೆತ್ತಿ ಹೋದ, ನೋವಿದ್ದದ್ದು ಇಲ್ಲಿ.

ಮೇಷ್ಟ್ರು: ಇಪ್ಪತ್ತನಾಲ್ವರನ್ನೂ ಸಮವಾಗಿ ಆಡಿಸಿದರೆ?

ಶಿಷ್ಯ: ತಲೆಗೆ ನಾಲ್ಕು ದಿನ ಎಂದರೆ ತೊಂಬತ್ತಾರು. ಮೇಲೆ ಒಂಬತ್ತು ಸ್ಥಾನ ಉಳಿಯುತ್ತವೆ, ಅವು ತಮ್ಮ ಬಲಶಾಲಿಗಳಿಗೆ. ಮೂವತ್ತು ಮಂದಿ ಹೆಸರು ಕೊಟ್ಟರೆ ನಾಲ್ಕು ದಿನ ಕೊಡಲಾಗುವುದಿಲ್ಲ. ಆಗ ಇಪ್ಪತ್ತಾರಕ್ಕೆ ನಿಲ್ಲಿಸಿ, ಉಳಿದವರಿಗೆ ಮುಂದಿನ ತಿಂಗಳು ಮೊದಲ ಹಕ್ಕು ಎಂದು ಹೇಳಿಬಿಡಬೇಕು. ಎಲ್ಲರನ್ನೂ ಸೇರಿಸಿಕೊಂಡು ಕೂರಿಸಿಡುವುದು ಔದಾರ್ಯವೆಂದು ತೋರಿದರೂ ಅವರಿಗೆ ಸಿಗುವುದು ಇಪ್ಪತ್ತು ಪಾಲು ಮಾತ್ರ.

ಮೇಷ್ಟ್ರು: ನನ್ನ ಆಕ್ಷೇಪವನ್ನು ಕೇಳು. ಬಲಹೀನರನ್ನು ಕಣಕ್ಕಿಳಿಸಿದರೆ ಯುದ್ಧ ಸೋಲುತ್ತೇವೆ. ಯುದ್ಧ ಸೋತರೆ ಎಂಟು ಕ್ಲಾನುಗಳ ಗುಂಪಿನಲ್ಲಿ ನಮ್ಮ ಸ್ಥಾನ ಇಳಿಯುತ್ತದೆ. ಸ್ಥಾನ ಇಳಿದರೆ ಎಲ್ಲರ ಪದಕವೂ ಇಳಿಯುತ್ತದೆ. ಗೆದ್ದ ಪ್ರತಿ ಯುದ್ಧಕ್ಕೆ ಒಂದೊಂದರಂತೆ ಬರುವ ಬೋನಸ್ಸೂ ಹೋಗುತ್ತದೆ. ಐವರಿಗೆ ನ್ಯಾಯ ಮಾಡಹೋಗಿ ಇಪ್ಪತ್ತನಾಲ್ವರಿಗೆ ಅನ್ಯಾಯ.

ಶಿಷ್ಯ: ಆ ಆಕ್ಷೇಪಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ, ಮೇಷ್ಟ್ರೇ. ಅರ್ಧ ಉತ್ತರ ಮಾತ್ರ ಇದೆ. ಒಂದು ಸ್ಥಾನ ಇಳಿದರೆ ಒಬ್ಬೊಬ್ಬನಿಗೆ ಹೋಗುವ ಪದಕ, ಒಂದೇ ದಿನ ಆಡಿದವನು ಕಳೆದುಕೊಳ್ಳುವ ಅರ್ಧ ಪಾಲಿನ ಮುಂದೆ ತೀರ ಸಣ್ಣದು. ಇನ್ನು, ಏಳೂ ಎದುರಾಳಿಗಳು ಮೊದಲ ದಿನವೇ ನಮಗೆ ಕಾಣುತ್ತಾರಲ್ಲ. ಅವರ ಟೌನ್ ಹಾಲ್‌ಗಳನ್ನು ಎಣಿಸಿ ನೋಡಿದರೆ ಯಾವ ದಿನ ಸುಲಭ, ಯಾವ ದಿನ ಕಠಿಣ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. ಸುಲಭದ ದಿನಗಳಲ್ಲಿ ಚಿಕ್ಕವರು, ಕಠಿಣದ ದಿನಗಳಲ್ಲಿ ದೊಡ್ಡವರು. ಎಂಟು ಸ್ಟಾರ್ ತುಂಬಿದವನು, ತುಂಬದವನೊಬ್ಬ ಕಾಯುತ್ತಿದ್ದರೆ, ಸುಲಭದ ದಿನ ಜಾಗ ಬಿಡಬೇಕು. ಇದರಿಂದ ಒಂದು ಯುದ್ಧ ಸೋತೇವು, ಸೋಲೋಣ.

ಮೇಷ್ಟ್ರು: ‘ಸೋಲೋಣ’ ಎನ್ನುವುದು ಕೋ-ಲೀಡರ್‌ಗೆ ಸುಲಭ. ಆಗಲಿ, ಬರೆದುಕೊಂಡೆ. ಈಗ ಬೋನಸ್. ಹೋದ ತಿಂಗಳು ನಾಲ್ಕು ಯುದ್ಧ ಗೆದ್ದೆವು, ಲೀಗಿನ ಮಟ್ಟಕ್ಕೆ ಸಿಕ್ಕಿದ್ದೂ ಸೇರಿ ಆರು ಬೋನಸ್ ಬಂತು. ಹೆಚ್ಚು ಸ್ಟಾರ್ ಗಳಿಸಿದ ಆರು ಮಂದಿಗೆ ಕೊಟ್ಟೆ. ಇದಕ್ಕಿಂತ ನೇರವಾದ ಮಾರ್ಗ ಯಾವುದು?

ಶಿಷ್ಯ: ಇಬ್ಬರನ್ನು ತೂಗಿ ನೋಡೋಣ. ದುಬೈಯಲ್ಲಿರುವ ನಮ್ಮ ಹುಡುಗ ಏಳು ದಿನ ಪಟ್ಟಿಯಲ್ಲಿದ್ದ, ಒಂದು ದಿನ ಆಡಲಿಲ್ಲ, ಒಟ್ಟು ಹದಿನೈದು ಸ್ಟಾರ್. ಮೈಸೂರಿನ ಆ ಎಂ.ಎಸ್ಸಿ. ಓದುವ ಹುಡುಗಿಗೆ ತಾವು ಕೊಟ್ಟದ್ದು ನಾಲ್ಕು ದಿನ. ನಾಲ್ಕೂ ಆಡಿದಳು, ಹನ್ನೊಂದು ಸ್ಟಾರ್. ಒಟ್ಟು ನೋಡಿದರೆ ಅವನು ಮುಂದೆ. ಆದರೆ ನಾಲ್ಕೇ ಅವಕಾಶ ಸಿಕ್ಕವಳಿಗೆ ದಕ್ಕಬಹುದಾದ ಗರಿಷ್ಠವೇ ಹನ್ನೆರಡು. ಅವಳು ದೇವತೆಯಾಗಿ ಆಡಿದ್ದರೂ ಹದಿನೈದನ್ನು ದಾಟಲಾರಳು. ಕೊಟ್ಟ ಅವಕಾಶದಿಂದ ಭಾಗಿಸಿ: ಅವಳದು ಎರಡೂಮುಕ್ಕಾಲು, ಅವನದು ಎರಡಕ್ಕಿಂತ ತುಸು ಹೆಚ್ಚು. ಬಿಟ್ಟ ದಿನವನ್ನೂ ಅವಕಾಶವೆಂದೇ ಎಣಿಸಬೇಕು, ಅಲ್ಲಿ ಸೊನ್ನೆ ಎಂದು ಬರೆಯಬೇಕು.

ಮೇಷ್ಟ್ರು: ಇದು ಬ್ಯಾಟಿಂಗ್ ಸರಾಸರಿಯ ಹಳೆಯ ವ್ಯಾಜ್ಯ. ನಾಲ್ಕು ಇನ್ನಿಂಗ್ಸಿನ ಸರಾಸರಿಯನ್ನು ಏಳು ಇನ್ನಿಂಗ್ಸಿನ ಸರಾಸರಿಯ ಪಕ್ಕದಲ್ಲಿಟ್ಟರೆ, ಅದೃಷ್ಟ ಎಲ್ಲಿ ಮುಗಿಯಿತು, ಕೈಚಳಕ ಎಲ್ಲಿ ಆರಂಭವಾಯಿತು ಎಂದು ಹೇಳಲಾಗದು. ನಾಳೆ ಒಬ್ಬ ಒಂದೇ ದಿನ ಆಡಿ ಮೂರು ಸ್ಟಾರ್ ತಂದು ‘ನನ್ನ ಸರಾಸರಿ ಮೂರು, ಬೋನಸ್ ಇಡಿ’ ಎಂದಾನು.

ಶಿಷ್ಯ: ಅದಕ್ಕೇ ನಾಲ್ಕು ಅವಕಾಶವನ್ನು ಗಡಿಯಾಗಿಡೋಣ. ಎಲ್ಲರಿಗೂ ನಾಲ್ಕು ಕೊಡುತ್ತೇವೆಂದು ಈಗಷ್ಟೇ ಮಾತಾಯಿತಲ್ಲ. ಆದ್ದರಿಂದ ಆ ಗಡಿ ಯಾರನ್ನೂ ಹೊರಗಿಡುವುದಿಲ್ಲ. ಸರಾಸರಿ ಸಮವಾದಲ್ಲಿ ಹೆಚ್ಚು ದಿನ ಆಡಿದವರು ಮುಂದೆ.

ಮೇಷ್ಟ್ರು: ಆಯಿತು. ಆದರೆ ಇನ್ನೊಂದು ಗಂಟು ನಿನ್ನ ಪುಸ್ತಕಕ್ಕೆ ಕಾಣುವುದಿಲ್ಲ. ಎದುರಾಳಿಯ ಒಂದನೆಯ ನೆಲೆಗೆ ನುಗ್ಗಿ, ಅರ್ಧ ಕೆಡವಿ, ಟೌನ್ ಹಾಲನ್ನೂ ಉರುಳಿಸಿ ಎರಡು ಸ್ಟಾರ್ ತರುವುದೂ, ಹದಿನಾಲ್ಕನೆಯ ಗುಡಿಸಲಿಗೆ ನುಗ್ಗಿ ನೂರಕ್ಕೆ ನೂರು ನೆಲಸಮ ಮಾಡಿ ಮೂರು ತರುವುದೂ ಒಂದೇ ಅಲ್ಲ.

ಶಿಷ್ಯ: ಕಾಣುತ್ತದೆ, ಮೇಷ್ಟ್ರೇ, ಅದಕ್ಕೆ ನಾನು ಬೇರೆ ಅಂಕಣ ಎಳೆದಿದ್ದೇನೆ. ದುಬೈ ಹುಡುಗ ಆಡಿದ ಆರರಲ್ಲಿ ಮೂರು ಸಲ ತನಗಿಂತ ಕೆಳಗಿನ ಟೌನ್ ಹಾಲಿಗೆ ಇಳಿದು ಮೂರು ಮೂರು ತಂದಿದ್ದಾನೆ. ಇದರಲ್ಲಿ ಅವನ ಪುಸ್ತಕಕ್ಕೆ ಲಾಭ, ಕ್ಲಾನಿಗೆ ಇಮ್ಮಡಿ ನಷ್ಟ. ಅವನು ಹೊಡೆಯಬೇಕಾಗಿದ್ದ ದೊಡ್ಡ ನೆಲೆ ಹಾಗೇ ನಿಂತಿತು. ಅವನು ಹೊಡೆದ ಸಣ್ಣ ನೆಲೆಯನ್ನು ನಂಬಿಕೊಂಡಿದ್ದ ನಮ್ಮ ಸಣ್ಣ ಹುಡುಗ, ತನಗಿಂತ ಎರಡು ಮಟ್ಟ ಮೇಲಿನದಕ್ಕೆ ತಲೆ ಚಚ್ಚಿಕೊಂಡು ಒಂದು ಸ್ಟಾರಿನೊಂದಿಗೆ ಬಂದ. ಹಾಗೆಂದು ಅವನನ್ನು ದೂರಲೊಲ್ಲೆ. ಹೆಚ್ಚು ಸ್ಟಾರಿಗೆ ಬೋನಸ್ ಎಂದು ನಾವೇ ಸಾರಿದ ಮೇಲೆ ಅವನು ಸ್ಟಾರ್ ಇದ್ದ ಕಡೆಗೆ ಹೋದ. ಆದ್ದರಿಂದ ಕೆಳಗಿನ ಟೌನ್ ಹಾಲಿನ ಮೂರನ್ನು ಎರಡೆಂದು ಬರೆಯೋಣ. ಅವನ ಹದಿನೈದು ಹನ್ನೆರಡಾಗುತ್ತದೆ.

ಮೇಷ್ಟ್ರು: ಮೂರರಲ್ಲಿ ಒಂದು ಸಲ ಇಳಿಯಲು ಹೇಳಿದವನು ನಾನೇ. ಕೊನೆಯ ಅರ್ಧ ಗಂಟೆ ಉಳಿದಿತ್ತು, ಆ ಗುಡಿಸಲಿನ ಪಾಲಿಗೆ ಬೇರೆ ಯಾರೂ ಇರಲಿಲ್ಲ.

ಶಿಷ್ಯ: ಹಾಗಿದ್ದರೆ ಆ ಒಂದನ್ನು ಪೂರ್ತಿ ಎಣಿಸಬೇಕು. ಲೀಡರ್ ಹೇಳಿದ್ದನ್ನು ಕೇಳಿದವನಿಗೆ ದಂಡ ಹಾಕಿದರೆ ಮುಂದೆ ತಮ್ಮ ಮಾತನ್ನು ಯಾರೂ ಕೇಳರು. ಚಾಟಿನಲ್ಲಿ ಹೇಳಿದ್ದಾಗಿರಬೇಕು, ಅಷ್ಟೆ. ಹದಿಮೂರಾಯಿತು, ಏಳರಿಂದ ಭಾಗಿಸಿದರೆ ಎರಡಕ್ಕೆ ಕೂದಲೆಳೆಯಷ್ಟು ಕಡಮೆ. ಅವಳ ಎರಡೂಮುಕ್ಕಾಲು ಹಾಗೆಯೇ ಉಳಿಯುತ್ತದೆ. ನಾಲ್ಕೂ ಸಲ ಅವಳು ಸಮನಾದವರ ಮೇಲೆ ಹೋಗಿದ್ದಾಳೆ.

ಮೇಷ್ಟ್ರು: ಈ ಲೆಕ್ಕ ಒಳ್ಳೆಯದು, ಆದರೆ ಇದರಿಂದ ಆರು ಬೋನಸ್ಸನ್ನೂ ಹಂಚಿದರೆ ಪ್ರತಿ ತಿಂಗಳೂ ಅದೇ ಆರು ಮಂದಿ ಬಂದು ಕೂರುತ್ತಾರೆ. ಮೂವತ್ತೆಂಟು ವರ್ಷ ಬಹುಮಾನ ವಿತರಣೆ ಮಾಡಿದವನು ನಾನು. ವೇದಿಕೆಯ ಮೆಟ್ಟಿಲು ಸವೆಯುತ್ತಿದ್ದುದು ನಾಲ್ಕೇ ಜೊತೆ ಚಪ್ಪಲಿಗೆ. ಶುಕ್ರವಾರದಿಂದ ಸೋಮವಾರದವರೆಗೆ ನಡೆಯುವ ಕ್ಯಾಪಿಟಲ್ ರೇಡಿನಲ್ಲಿ ಆಟದವರೇ ಮಾಡಿರುವ ವ್ಯವಸ್ಥೆಯನ್ನು ನೋಡು: ದಾಳಿಯಿಂದ ಬಂದ ಪದಕಗಳನ್ನು ಅಲ್ಲಿ ಹಂಚುವುದು ಅಟ್ಯಾಕುಗಳ ಎಣಿಕೆಯ ಮೇಲೆ. ಎಷ್ಟು ಕೆಡವಿದೆ ಎಂದು ಕೇಳುವುದಿಲ್ಲ, ಎಷ್ಟು ಸಲ ಹೋದೆ ಎಂದು ಕೇಳುತ್ತಾರೆ. ಆರು ಸಲ ಹೋದ ಎಳೆಯನಿಗೂ ಆರು ಸಲ ಹೋದ ಭೀಮನಿಗೂ ಸಮಪಾಲು. ನನಗೆ ಆ ಕ್ರಮದ ಮೇಲೆ ಮೊದಲಿನಿಂದಲೂ ಮೆಚ್ಚುಗೆ.

ಶಿಷ್ಯ: ಆರನ್ನು ಒಡೆಯೋಣವೆ? ಮೂರು ಸರಾಸರಿಗೆ. ಎರಡು ಸರದಿಗೆ: ಕೊಟ್ಟ ಅಟ್ಯಾಕ್ ಒಂದನ್ನೂ ಬಿಡದವರಲ್ಲಿ, ಬೋನಸ್ ಕಂಡು ಬಹಳ ತಿಂಗಳಾದವರಿಗೆ.

ಮೇಷ್ಟ್ರು: ಆರನೆಯದು?

ಶಿಷ್ಯ: ತಮ್ಮ ವಿವೇಚನೆಗೆ. ಒಂದನೆಯ ಸ್ಥಾನದಲ್ಲಿ ನಿಂತವನು ಏಳು ದಿನವೂ ಬೆಟ್ಟಕ್ಕೆ ತಲೆಕೊಟ್ಟಿರುತ್ತಾನೆ. ಅವನ ಸರಾಸರಿ ಎಂದಿಗೂ ಏರುವುದಿಲ್ಲ. ಅಂಥವನನ್ನು ಹಿಡಿಯುವ ಸೂತ್ರ ನನಗೆ ಹೊಳೆಯಲಿಲ್ಲ. ಆದರೆ ಯಾರಿಗೆ, ಏತಕ್ಕೆ ಎಂಬುದನ್ನು ಚಾಟಿನಲ್ಲಿ ಒಂದು ಸಾಲಿನಲ್ಲಿ ಬರೆಯತಕ್ಕದ್ದು.

ಮೇಷ್ಟ್ರು: ‘ತಕ್ಕದ್ದು’ ಎಂದು ನನ್ನನ್ನೇ ಅಣಕಿಸುತ್ತೀಯೆ. ಬರೆ, ಹೇಳುತ್ತೇನೆ.

(ಶಿಷ್ಯ ಫೋನಿನಲ್ಲಿ ಬರೆಯುತ್ತಾನೆ, ಮೇಷ್ಟ್ರು ಹೇಳುತ್ತ ಹೋದ ದೀರ್ಘ ವಾಕ್ಯಗಳನ್ನು ಅಲ್ಲಲ್ಲಿ ಮುರಿಯುತ್ತಾನೆ. ಕ್ಲಾನ್ ಮೇಲಿಗೆ ಅಷ್ಟು ಉದ್ದ ಹಿಡಿಸುವುದಿಲ್ಲವಾದ್ದರಿಂದ ಮೂರು ಕಂತುಗಳಾಗುತ್ತವೆ.)

‘ಎಲ್ಲರಿಗೂ ನಮಸ್ಕಾರ. ಹೋದ ತಿಂಗಳ ಬೋನಸ್ ಹಂಚಿಕೆಯಲ್ಲಿ ತಪ್ಪಾಗಿದೆ, ತಪ್ಪು ನನ್ನದು. ಮುಂದಿನ ಲೀಗಿನಿಂದ ಹೀಗೆ ನಡೆಯುತ್ತದೆ. ಬಿಡುವಿಲ್ಲದವರು ಕೆಂಪು ಇಡಿ, ಕಾರಣ ಕೇಳುವುದಿಲ್ಲ. ಹಸಿರಿಟ್ಟು ಪಟ್ಟಿಗೆ ಸೇರಿದವರು ಒಂದು ದಿನ ಬರಲಾಗದಿದ್ದರೆ, ಅದರ ಹಿಂದಿನ ದಿನದ ಯುದ್ಧ ಶುರುವಾಗುವ ಮೊದಲೇ ಚಾಟಿನಲ್ಲಿ ತಿಳಿಸಿ. ಆಮೇಲೆ ಹೆಸರು ಬದಲಾಯಿಸಲು ಆಟವೇ ಬಿಡುವುದಿಲ್ಲ. ಹೇಳದೆ ತಪ್ಪಿಸಿದವರು ಆ ಲೀಗಿನ ಉಳಿದ ದಿನ ಹೊರಗೆ.’

‘ಇಪ್ಪತ್ತಾರು ಮಂದಿಯವರೆಗೆ ಸೇರಿಸಿಕೊಳ್ಳುತ್ತೇವೆ, ಸೇರಿದ ಪ್ರತಿಯೊಬ್ಬರಿಗೂ ನಾಲ್ಕು ದಿನ. ಎಂಟು ಸ್ಟಾರ್ ಆದವರು ಸುಲಭದ ದಿನ ಆಗದವರಿಗೆ ಜಾಗ ಬಿಡಬೇಕು.’

‘ಬೋನಸ್ಸಿನಲ್ಲಿ ಅರ್ಧ, ಕೊಟ್ಟ ಅವಕಾಶಕ್ಕೆ ಗಳಿಸಿದ ಸ್ಟಾರಿನ ಲೆಕ್ಕದಲ್ಲಿ. ಬಿಟ್ಟ ಅಟ್ಯಾಕ್ ಸೊನ್ನೆ. ಲೀಡರ್ ಹೇಳದೆ ಕೆಳಗಿನ ಟೌನ್ ಹಾಲಿಗೆ ಹೋದರೆ ಮೂರು ಎರಡಾಗುತ್ತದೆ. ಉಳಿದುದರಲ್ಲಿ ಒಂದು ಲೀಡರ್ ಕೊಡುತ್ತಾರೆ, ಕಾರಣ ಬರೆಯುತ್ತಾರೆ. ಮಿಕ್ಕದ್ದು ಅಟ್ಯಾಕ್ ಬಿಡದವರಿಗೆ ಸರದಿಯಂತೆ. ಲೆಕ್ಕದ ಪುಸ್ತಕ ಕೋ-ಲೀಡರ್ ಬಳಿ ಇದೆ, ಯಾರು ಬೇಕಾದರೂ ಕೇಳಬಹುದು.’

ಶಿಷ್ಯ: ಕಳುಹಿಸಲೆ?

ಮೇಷ್ಟ್ರು: ಕಳುಹಿಸು. ಆ ನರ್ಸ್ ಹುಡುಗಿಗೆ ಮತ್ತೆ ಆಹ್ವಾನ ಹೋಗಲಿ, ಬಂದರೆ ಬರಲಿ.

ಶಿಷ್ಯ: ಹೋಯಿತು. (ಸ್ವಲ್ಪ ಹೊತ್ತಿನ ಮೇಲೆ) ನೋಡಿ ಮೇಷ್ಟ್ರೇ, ಇಷ್ಟರಲ್ಲೇ ಏಳು ಹೆಸರು ಕೆಂಪಾದವು.

ಮೇಷ್ಟ್ರು: ಏಳೆ! ಹೋದ ತಿಂಗಳೂ ಇವರೆಲ್ಲ ಹೀಗೆಯೇ ಇದ್ದರೇನು, ಹಸಿರಿಟ್ಟುಕೊಂಡು?

ಶಿಷ್ಯ: ಇದ್ದಿರಬೇಕು.

ಮೇಷ್ಟ್ರು: ಎಂಟು ಮಾಡು. ನನ್ನ ಗುಂಡಿ ಎಲ್ಲಿದೆ, ತೋರಿಸು. ನಾಲ್ಕನೇ ತಾರೀಖು ನನಗೆ ಎಡಗಣ್ಣಿನ ಪೊರೆ ತೆಗೆಯುತ್ತಾರೆ.